ರೋವರ್‌ಗೆ 90 ಡಿಗ್ರಿ ತಿರುಗು ಅಂದ್ರೆ 50ಕ್ಕೇ ನಿಲ್ತದೆ, ಬುಟ್ಟಿ ಇಟ್ರೆ ತಿರುಗೋದೇ ಇಲ್ಲ

ತೋಟದ ಮಂಜು

ಶಿರಸಿ ಹತ್ತಿರ ನಮ್ಮ ಅಡಿಕೆ ತೋಟಕ್ಕೆ ಅಂತ ಒಂದು ಸಣ್ಣ ರೋವರ್ ಕಟ್ಟಿದೀನಿ. ಕೆಲಸ ದೊಡ್ಡದೇನಲ್ಲ. ಅಪ್ಪಯ್ಯ ಉದುರಡಿಕೆ ಹೆಕ್ಕಿ ಬುಟ್ಟಿಗೆ ಹಾಕ್ತಾರೆ, ಅದನ್ನ ಹೊತ್ತುಕೊಂಡು ಅಂಗಳದ ತನಕ ಬಂದ್ರೆ ಸಾಕು.

ನಾಲ್ಕು ಚಕ್ರ, ನಾಲ್ಕಕ್ಕೂ ಒಂದೊಂದು ಗೇರ್ ಮೋಟರ್, ಸ್ಟೀರಿಂಗ್ ಇಲ್ಲ. ಎಡಗಡೆ ಎರಡೂ ಒಂದೇ ವೇಗ, ಬಲಗಡೆ ಎರಡೂ ಒಂದೇ ವೇಗ. ಚಕ್ರದ ವ್ಯಾಸ 15 ಸೆಂ.ಮೀ. ಎಡ ಚಕ್ರದಿಂದ ಬಲ ಚಕ್ರಕ್ಕೆ 44 ಸೆಂ.ಮೀ., ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 40. ಖಾಲಿ ತೂಕ 14 ಕಿಲೋ, ಬುಟ್ಟಿ ತುಂಬಿದ್ರೆ ಇನ್ನೊಂದು 8. ಮೋಟರ್ 100 ಆರ್‌ಪಿಎಂನದು, ಸ್ಟಾಲ್ ಟಾರ್ಕ್ 20 ಕೆಜಿ-ಸೆಂ.ಮೀ. ಅಂತ ಪಟ್ಟಿಯಲ್ಲಿದೆ.

ಡಿಫರೆನ್ಷಿಯಲ್ ಡ್ರೈವ್‌ಗೆ ಎಲ್ಲ ಕಡೆ ಸಿಗೋ ಸೂತ್ರಾನೇ ಹಾಕಿದೀನಿ:

```
w = (vR - vL) / b
R = (b/2) * (vR + vL) / (vR - vL)
```

`b` ಜಾಗಕ್ಕೆ 0.44. ನಿಂತಲ್ಲೇ 90 ಡಿಗ್ರಿ ತಿರುಗಿಸೋಕೆ ಎನ್‌ಕೋಡರ್ ಎಣಿಕೆ ಎಷ್ಟಾಗಬೇಕೋ ಅಷ್ಟಾದ ಮೇಲೆ ನಿಲ್ಲಿಸ್ತೀನಿ. ಸಿಮೆಂಟ್ ಅಂಗಳದಲ್ಲಿ ನೋಡಿದ್ರೆ 50 ಡಿಗ್ರಿ ಹತ್ತಿರ ಬಂದು ನಿಲ್ತದೆ, ತೋಟದಲ್ಲಿ ಅದಕ್ಕೂ ಕಡಿಮೆ. ಎರಡನೇ ತೊಂದರೆ, ಖಾಲಿ ಇದ್ದಾಗ ಹೇಗೋ ತಿರುಗ್ತದೆ, ಬುಟ್ಟಿ ಇಟ್ರೆ ಮೋಟರ್ "ಞುಂಯ್" ಅಂತ ನಿಂತೇಬಿಡ್ತದೆ, ಸ್ವಲ್ಪ ಹೊತ್ತಿಗೆ ಡ್ರೈವರ್ ಬೋರ್ಡ್ ಬಿಸಿಯಾಗಿ ಕಟ್. ನೇರ ಹೋಗುವಾಗ ಬುಟ್ಟಿ ಇದ್ರೂ ಏನೂ ತೊಂದರೆ ಇಲ್ಲ. ಎಲ್ಲಿ ತಪ್ಪಿದೀನಿ?

ಸರ್ಕ್ಯೂಟ್ ಸುಬ್ಬ

ಎನ್‌ಕೋಡರ್ ಎಣಿಕೆ ನೋಡಿ ಗುರು. 50 ಅಂದ್ರೆ 90ರ ಅರ್ಧಕ್ಕೆ ಹತ್ತಿರ. ಎರಡೂ ಅಂಚು ಎಣಿಸ್ತಿದೀರಿ, ಕೋಡ್‌ನಲ್ಲಿ ಒಂದೇ ಅಂಚಿನ ಲೆಕ್ಕ ಇಟ್ಟಿದೀರಿ. ನೂರಕ್ಕೆ ತೊಂಬತ್ತು ಸಲ ಇದೇ ಆಗಿರತ್ತೆ. ನಾನೂ ಒಂದ್ಸಲ ಇದೇ ತಪ್ಪು ಮಾಡಿ ಎರಡು ಭಾನುವಾರ ಹಾಳು ಮಾಡ್ಕೊಂಡಿದ್ದೆ.

ಗ್ಯಾರೇಜ್ ರಾಜಣ್ಣ

ಡಿಫರೆನ್ಷಿಯಲ್ ಅಂತೀರಿ, ಅದಕ್ಕೆ ಕ್ರೌನ್ ಪಿನಿಯನ್ ಎಲ್ಲಿ ಹಾಕಿದೀರಿ? ಹಳೇ ಆಟೋದು ಡಿಫರೆನ್ಷಿಯಲ್ ಗುಜರಿಯಲ್ಲಿ ಸಿಗ್ತದೆ, ಬಿಚ್ಚಿ ಗ್ರೀಸ್ ಹಾಕಿ ಕೂರಿಸಿ. ತಿರುಗುವಾಗ ಒಳಚಕ್ರ ನಿಧಾನ, ಹೊರಚಕ್ರ ಜೋರು ತಾನಾಗೇ ಆಗ್ತದೆ. ನಾಲ್ಕು ಮೋಟರ್ ಯಾಕೆ ದಂಡ.

ತೋಟದ ಮಂಜು

ಸುಬ್ಬ ಅವರೆ, ಅದನ್ನ ಮೊದಲೇ ನೋಡಿದೆ. ಟೇಪ್ ಹಾಸಿ 5 ಮೀಟರ್ ನೇರ ಹೋಗು ಅಂದ್ರೆ 4.96ಕ್ಕೆ ನಿಲ್ತದೆ. ಎಣಿಕೆ ತಪ್ಪಿದ್ರೆ ನೇರ ಓಟದಲ್ಲೂ ಅರ್ಧಕ್ಕೇ ನಿಲ್ಲಬೇಕಿತ್ತಲ್ಲ.

ರಾಜಣ್ಣ, ಇದು ಆ ಡಿಫರೆನ್ಷಿಯಲ್ ಅಲ್ಲ. ಎರಡು ಕಡೆಗೆ ಬೇರೆ ಬೇರೆ ವೇಗ ಕೊಟ್ಟು ಅದರ ವ್ಯತ್ಯಾಸದಿಂದ ತಿರುಗಿಸೋದಕ್ಕೆ ಆ ಹೆಸರು. ಗೇರಿನ ಪೆಟ್ಟಿಗೆ ಏನೂ ಇಲ್ಲ.

ವೀಣಾ_ಚಕ್ರ

ಮಂಜು, ಕೋಡ್ ಸರಿ ಇದೆ, ಎನ್‌ಕೋಡರ್ ಸರಿ ಇದೆ. ಸೂತ್ರಾನೇ ನಿಮ್ಮ ಗಾಡಿಯದ್ದಲ್ಲ. ಅದು ಎರಡು ಚಕ್ರ ಮತ್ತು ಒಂದು ಸಣ್ಣ ಸುತ್ತೋ ಗಾಲಿ ಇರೋ ಗಾಡಿಯದ್ದು. ಅಲ್ಲಿ ಎರಡೂ ಚಕ್ರ ಒಂದೇ ಅಚ್ಚಿನ ಗೆರೆ ಮೇಲೆ ಕೂತಿರ್ತವೆ, ತಿರುಗುವಾಗ ಅಡ್ಡಕ್ಕೆ ಜಾರೋ ಪ್ರಶ್ನೆಯೇ ಬರಲ್ಲ. ನಿಮ್ಮದರಲ್ಲಿ ನಾಲ್ಕೂ ಚಕ್ರ ಗಾಡಿಯ ನಡುವಿನಿಂದ 20 ಸೆಂ.ಮೀ. ಮುಂದಕ್ಕೆ ಇಲ್ಲಾ ಹಿಂದಕ್ಕೆ ಇವೆ. ಗಾಡಿ ಗರ ಗರ ತಿರುಗಿದ್ರೆ ಒಂದೊಂದು ಚಕ್ರವೂ ತನ್ನ ಮುಖ ಇರೋ ದಿಕ್ಕಿಗೆ ಹೋಗಲ್ಲ, ಓರೆಯಾಗಿ ಉಜ್ಜಿಕೊಂಡೇ ಹೋಗ್ತದೆ.

ಈಗ ಬಲದ ಲೆಕ್ಕ ನೋಡಿ. ಚಕ್ರ ಅಡ್ಡಕ್ಕೆ ಜಾರುವಾಗ ನೆಲ ಅದನ್ನ ತಡೆಯುತ್ತೆ. ಆ ತಡೆ ಗಾಡಿಯನ್ನ ತಿರುಗದ ಹಾಗೆ ಹಿಡಿಯುತ್ತೆ. ಅದನ್ನ ಮೀರಿಸೋಕೆ ಚಕ್ರ ಮುಂದಕ್ಕೆ ತಳ್ಳಬೇಕು, ಅಂದ್ರೆ ಮುಂದಿನ ದಿಕ್ಕಿಗೂ ಸ್ವಲ್ಪ ಜಾರಲೇಬೇಕು. ಜಾರದೆ ನೆಲದಿಂದ ಅಷ್ಟು ಬಲ ಸಿಗಲ್ಲ. ಎನ್‌ಕೋಡರ್‌ಗೆ ಆ ಜಾರಿಕೆ ಕಾಣಲ್ಲ, ಅದು ಬರೀ ಚಕ್ರ ಸುತ್ತಿದ್ದನ್ನ ಎಣಿಸುತ್ತೆ. ನಿಮಗೆ ಕಳೆದುಹೋದ 40 ಡಿಗ್ರಿ ಅಲ್ಲಿ ಹೋಗಿದೆ.

ನಾಲ್ಕೂ ಚಕ್ರದ ಮೇಲೆ ತೂಕ ಸಮ, ನೆಲ ಎಲ್ಲ ದಿಕ್ಕಿಗೂ ಒಂದೇ ಥರ ಹಿಡಿಯುತ್ತೆ ಅಂತ ಇಟ್ಕೊಂಡ್ರೆ ಲೆಕ್ಕ ಚೆಂದ ಕೂರುತ್ತೆ. ಅಚ್ಚುಗಳ ಅಂತರ `L`, ಎಡಬಲ ಅಂತರ `b`. ಗಾಡಿ ತಿರುಗೋ ಬಲವೂ ತಡೆಯೋ ಬಲವೂ ಸಮ ಆಗಬೇಕಾದ್ರೆ ಮುಂದಿನ ಬಲ ಮತ್ತು ಅಡ್ಡ ಬಲದ ಅನುಪಾತ `L/b` ಆಗಬೇಕು. ಜಾರಿಕೆಯ ಅನುಪಾತವೂ ಅಷ್ಟೇ. ಅಡ್ಡ ಜಾರಿಕೆ `w*L/2` ಅಂತ ಗೊತ್ತೇ ಇದೆ. ಹಾಗಾಗಿ ಚಕ್ರದ ವೇಗ `w*b/2` ಇದ್ರೆ ಸಾಲಲ್ಲ, ಇಷ್ಟು ಬೇಕು:

```
v = (w*b/2) * (1 + (L/b)^2)
```

ಅಂದ್ರೆ ನಿಮ್ಮ ಗಾಡಿ 44 ಸೆಂ.ಮೀ. ಅಗಲದ್ದಲ್ಲ, ಅದಕ್ಕಿಂತ ಎಷ್ಟೋ ಅಗಲದ್ದು ಅನ್ನೋ ಹಾಗೆ ನಡ್ಕೊಳ್ಳುತ್ತೆ. 0.40/0.44ರ ವರ್ಗ 0.83. ಒಂದು ಸೇರಿಸಿದ್ರೆ 1.83. 90 ಭಾಗಿಸು 1.83 ಮಾಡಿ ನೋಡಿ.

ತೋಟದ ಮಂಜು

49! ಅಬ್ಬಾ. ಘರ್ಷಣೆ ಎಷ್ಟು ಅನ್ನೋದು ಲೆಕ್ಕದಲ್ಲಿ ಬರಲೇ ಇಲ್ವಲ್ಲ?

ವೀಣಾ_ಚಕ್ರ

ಬರಲ್ಲ, ಅದೇ ಮಜಾ. ತಳ್ಳೋದೂ ಅದೇ ಘರ್ಷಣೆ, ತಡೆಯೋದೂ ಅದೇ ಘರ್ಷಣೆ, ಎರಡೂ ಕಡೆ ಹೊಡೆದು ಹೋಗುತ್ತೆ. ನಾನು ಸುಮ್ಮನೆ ಹೇಳ್ತಿಲ್ಲ ಅನ್ನೋಕೆ ಒಂದು ತಾಳೆ: ಹಸ್ಕಿ ಅಂತ ಒಂದು ಹೊರಾಂಗಣದ ರೋವರ್ ಇದೆ, ಅದರ ಫೈಲುಗಳು ಎಲ್ಲರಿಗೂ ತೆರೆದಿವೆ. ಅಚ್ಚಿನ ಅಂತರ 0.512, ಎಡಬಲ 0.5708. ನನ್ನ ಸೂತ್ರಕ್ಕೆ ಹಾಕಿದ್ರೆ 1.80 ಬರುತ್ತೆ. ಅವರ ಕಂಟ್ರೋಲರ್ ಫೈಲಿನಲ್ಲಿ ಬರೆದಿರೋದು `wheel_separation_multiplier: 1.875`. ತಯಾರಿಸಿದವರೇ ಅಗಲವನ್ನ ಹೆಚ್ಚುಕಮ್ಮಿ ದುಪ್ಪಟ್ಟು ಅಂತ ಸುಳ್ಳು ಹೇಳಿ ಗಾಡಿ ಓಡಿಸ್ತಾರೆ.

ಬುಟ್ಟಿಯ ವಿಷಯಕ್ಕೆ ಮಾತ್ರ ಘರ್ಷಣೆ ಬೇಕು. ನಿಂತಲ್ಲೇ ತಿರುಗುವಾಗ ಪ್ರತಿ ಚಕ್ರವೂ ಜಾರ್ತಾ ಇರುತ್ತೆ, ಹಾಗಾಗಿ ನೆಲ ಕೊಡಬಹುದಾದ ಅಷ್ಟೂ ಘರ್ಷಣೆ ಬಳಕೆಯಾಗುತ್ತೆ. ಅದರಲ್ಲಿ ಮುಂದಿನ ದಿಕ್ಕಿನ ಪಾಲು ನಿಮ್ಮ ಅಳತೆಗೆ 0.67. ಸಿಮೆಂಟಿನ ಮೇಲೆ ರಬ್ಬರಿಗೆ ಘರ್ಷಣೆ 0.7 ಅಂತ ಹಿಡಿಯೋಣ. ಬುಟ್ಟಿ ಇದ್ದಾಗ 22 ಕಿಲೋ, ಒಂದು ಚಕ್ರಕ್ಕೆ 54 ನ್ಯೂಟನ್. ಗುಣಿಸಿದ್ರೆ ಚಕ್ರದ ಅಂಚಿನಲ್ಲಿ 25 ನ್ಯೂಟನ್, ತ್ರಿಜ್ಯ 7.5 ಸೆಂ.ಮೀ.ಗೆ 1.9 ನ್ಯೂಟನ್-ಮೀಟರ್. ನಿಮ್ಮ ಪಟ್ಟಿಯ ಭಾಷೆಯಲ್ಲಿ 19.4 ಕೆಜಿ-ಸೆಂ.ಮೀ. ಮೋಟರ್ ನಿಂತುಹೋಗೋದೇ 20ಕ್ಕೆ! ಖಾಲಿ ಇದ್ದಾಗ 12.4 ಬರುತ್ತೆ, ಅದಕ್ಕೇ "ಹೇಗೋ" ತಿರುಗ್ತಿದೆ. ನೇರ ಹೋಗುವಾಗ ಬೇಕಾಗೋದು ಇದರ ಐದನೇ ಒಂದು ಭಾಗ ಇರಬಹುದು. ಡ್ರೈವರ್ ಬೋರ್ಡ್‌ದು ತಪ್ಪಿಲ್ಲ, ಪಾಪ.

ಟಿಲ್ಲರ್ ಶಿವಣ್ಣ

ನಾನು ರೋವರ್ ಗೀವರ್ ಕಂಡವನಲ್ಲ, ಮಂಡ್ಯ ಕಡೆ ಪವರ್ ಟಿಲ್ಲರ್ ಹೊಡೀತೀನಿ. ಅದಕ್ಕೂ ಸ್ಟೀರಿಂಗ್ ಇಲ್ಲ. ಎಡ ಕ್ಲಚ್ ಹಿಡಿದ್ರೆ ಎಡಗಾಲಿ ಬಿಡ್ತದೆ, ಬಲಗಾಲಿ ತಳ್ತದೆ, ಎಡಕ್ಕೆ ತಿರುಗ್ತದೆ. ನಿಂತ ಜಾಗದಲ್ಲೇ ತಿರುಗಿಸ್ಬೋದು, ಇಷ್ಟೆಲ್ಲ ಲೆಕ್ಕ ಯಾಕೆ ಬೇಕು ಅಂತ.

ಆದ್ರೆ ಒಂದು ಹೇಳ್ತೀನಿ ಕೇಳ್ಕೊಳ್ಳಿ. ಇಳಿಜಾರಲ್ಲಿ ಇಳೀವಾಗ ಎಡ ಕ್ಲಚ್ ಹಿಡಿದ್ರೆ ಬಲಕ್ಕೆ ಹೋಗ್ತದೆ! ಹೊಸ ಹುಡುಗರು ಇಲ್ಲೇ ಏಮಾರಿ ಗದ್ದೆ ಬದು ಹಾರಿಸ್ಬಿಡ್ತಾರೆ.

ವೀಣಾ_ಚಕ್ರ

ಶಿವಣ್ಣ, ನಿಮ್ಮ ಟಿಲ್ಲರ್‌ಗೆ ಎರಡೇ ಗಾಲಿ, ಒಂದೇ ಅಚ್ಚು, ಅದಕ್ಕೇ ಲೆಕ್ಕ ಬೇಕಿಲ್ಲ. ಅದೇ ಮಂಜು ಅವರ ಮೊದಲ ಸೂತ್ರ.

ಇಳಿಜಾರಿನ ಮಾತು ಮಾತ್ರ ಚಿನ್ನದಂಥದ್ದು. ಇಳೀವಾಗ ಎಂಜಿನ್ ಗಾಲಿಯನ್ನ ಹಿಡಿದಿರುತ್ತೆ, ಕ್ಲಚ್ ಒತ್ತಿ ಬಿಡಿಸಿದ ಗಾಲಿ ಓಡಿಬಿಡುತ್ತೆ, ಎಂಜಿನ್ ಹಿಡಿದಿರೋ ಗಾಲಿಯ ಕಡೆಗೆ ಟಿಲ್ಲರ್ ತಿರುಗುತ್ತೆ. ರೋವರ್‌ನಲ್ಲಿ ಇದು ಸಮತಟ್ಟು ನೆಲದಲ್ಲೂ ಆಗುತ್ತೆ. ಕಮಾನಾಗಿ ತಿರುಗುವಾಗ ಹೊರಗಿನ ಕಡೆ ತಳ್ಳುತ್ತೆ, ಗಾಡಿಯ ಮೈ ಒಳಗಿನ ಚಕ್ರಗಳನ್ನ ಮುಂದಕ್ಕೆ ದಬ್ಬುತ್ತೆ. ಒಳಗಿನ ಮೋಟರ್ ಆಗ ಎಳೆಯೋದಲ್ಲ, ಬ್ರೇಕ್ ಹಿಡಿಯೋ ಕೆಲಸ ಮಾಡಬೇಕು. ಹಿಡಿಯದೆ ಬಿಟ್ಟುಬಿಟ್ರೆ ಒಳಚಕ್ರ ಹೊರಚಕ್ರದ ವೇಗಕ್ಕೇ ಬಂದುಬಿಡುತ್ತೆ, ರೋವರ್ ನೇರ ಹೋಗುತ್ತೆ.

ಮಂಜು, ಕಮಾನು ತಿರುವು ಹೇಗೆ ಕೊಡ್ತಿದೀರಿ?

ತೋಟದ ಮಂಜು

ಎಡಕ್ಕೆ 40 ಪರ್ಸೆಂಟ್ ಪಿಡಬ್ಲ್ಯೂಎಂ, ಬಲಕ್ಕೆ 80 ಕೊಟ್ಟು ನೋಡಿದ್ದೆ. ನೀವು ಹೇಳಿದ ಹಾಗೇ, ಹೆಚ್ಚುಕಮ್ಮಿ ನೇರ ಹೋಗಿ ಬಸಿಗಾಲುವೆಗೆ ಬಿತ್ತು. ಅವತ್ತಿಂದ ಕಮಾನು ಬಿಟ್ಟು ನಿಂತಲ್ಲೇ ತಿರುಗಿಸ್ತಾ ಇದೀನಿ. ವೇಗದ ಪಿಐಡಿ ನೇರ ಓಟಕ್ಕೆ ಮಾತ್ರ ಹಾಕಿದ್ದೆ.

ವೀಣಾ_ಚಕ್ರ

ತಿರುವಿಗೂ ಹಾಕಿ, ಎರಡು ಕಡೆಗೂ ಬೇರೆ ಬೇರೆ. ವೇಗ ಹೆಚ್ಚಾದ್ರೆ ತಡೆಯೋಕೂ ಬರಬೇಕು, ಹಾಗಾಗಿ ಡ್ರೈವರ್ ಶೂನ್ಯಕ್ಕೆ ಬಂದಾಗ ಮೋಟರ್‌ನ ತೇಲಬಿಡಬಾರದು, ಬ್ರೇಕ್ ಸ್ಥಿತಿಗೆ ಹೋಗೋ ಹಾಗೆ ಸೆಟ್ ಮಾಡಿ.

ಆಮೇಲೆ ತಿರುವಿನ ತ್ರಿಜ್ಯ. ಎಡಕ್ಕೆ 0.2, ಬಲಕ್ಕೆ 0.4 ಮೀಟರ್ ವೇಗ ನಿಜವಾಗಿ ಬಂತು ಅಂತ ಇಟ್ಕೊಳ್ಳಿ. ನಿಮ್ಮ ಸೂತ್ರ 66 ಸೆಂ.ಮೀ. ಅನ್ನುತ್ತೆ. 1.83ರಿಂದ ಗುಣಿಸಿದ್ರೆ 1.2 ಮೀಟರ್. ಮರದಿಂದ ಮರಕ್ಕೆ 9 ಅಡಿ ಇರೋ ತೋಟದಲ್ಲಿ ಈ ವ್ಯತ್ಯಾಸಕ್ಕೇ ಮರ ಗುದ್ದೋದು.

ಸರ್ಕ್ಯೂಟ್ ಸುಬ್ಬ

ಸರಿ, ಎನ್‌ಕೋಡರ್ ವಿಷಯದಲ್ಲಿ ನಾನು ಸೋತೆ. ಆದ್ರೆ ಈಗ ಕೆಲಸ ಮುಗೀತಲ್ಲ? `b` ಜಾಗಕ್ಕೆ 0.44 × 1.83 = 0.805 ಹಾಕಿ, ಬೋರ್ಡಿಗೆ ಒಂದು ಫ್ಯಾನ್ ಕೂರಿಸಿ, ಆಯ್ತು.

ಎರೆಹೊಲದಾಂವ

ಆಗಂಗಿಲ್ರೀ ಸರ. ನಮ್ಮದು ಗದಗ ಕಡೆ ಎರಿ ಮಣ್ಣು. ನಾನೂ ಒಂದು ಇಂಥಾದ್ದ ಗಾಡಿ ಮಾಡೇನಿ, ಕಡ್ಲಿ ಹೊಲದಾಗ ಫೋಟೋ ತಗಿಲಿಕ್ಕೆ. ಮಣ್ಣು ಒಣಗಿದ್ದಾಗ ಒಂದು ಲೆಕ್ಕ, ಹಸಿ ಇದ್ದಾಗ ಒಂದು ಲೆಕ್ಕ. ಸ್ವಲ್ಪ ಮಳಿ ಆತಂದ್ರ ಚಕ್ರಕ್ಕ ಮಣ್ಣು ಮೆತ್ಕೊಂಡು ಬೆರಣಿ ತಟ್ಟಿಧಂಗ ಆಗ್ತದ. ಒಂದು ಸಲ ಅಳದೆ, 15 ಸೆಂಟಿಮೀಟರಿನ ಚಕ್ರ 17 ಆಗಿತ್ತು. ನೇರ ಹೋಗೂದ್ರಾಗ ಲೆಕ್ಕ ತಪ್ಪತದ, ತಿರಗೂದು ದೂರ ಉಳೀತು. ಎಡಕ್ಕ ಜಾಸ್ತಿ ಮೆತ್ತಿದ್ರ ಗಾಡಿ ತಾನಾ ಬಲಕ್ಕ ಹೊಳ್ಳತದ.

ನನ್ನ ಗಾಡಿ ಹಸಿ ಮಣ್ಣಾಗ ನಿಂತಲ್ಲೆ ತಿರಗಾಕ ಹೋದ್ರ ತಾನಾ ತಗ್ಗು ತೋಡ್ಕೊಂಡು ಕುಂದರತದ.

ತೋಟದ ಮಂಜು

ಮೂರು ದಿನ ಬಿಟ್ಟು ಬರ್ತಾ ಇದೀನಿ. ಕೂತು ಅಳತೆ ಮಾಡಿದೆ. ಡಿಗ್ರಿ ಅಳೆಯೋ ಬದಲು "ಹತ್ತು ಸುತ್ತು ತಿರುಗು" ಅಂತ ಹೇಳಿ ನಿಜವಾಗಿ ಎಷ್ಟು ಸುತ್ತಿತು ಅಂತ ಎಣಿಸಿದೆ, ತಪ್ಪು ಕಡಿಮೆ ಬರ್ತದೆ ಅಂತ. ಖಾಲಿ ಗಾಡಿ, `b` 0.44 ಇಟ್ಟೇ.

ಸಿಮೆಂಟ್ ಅಂಗಳದಲ್ಲಿ 5.4 ಸುತ್ತು. ಅಂದ್ರೆ ಗುಣಕ 1.85, ವೀಣಾ ಮೇಡಂ ಸೂತ್ರಕ್ಕೆ ಕೂದಲೆಳೆ ದೂರ. ತೋಟದ ಒಣ ನೆಲದಲ್ಲಿ 4.9. ಮಳೆ ಬಂದ ಮರುದಿನ ಅದೇ ಜಾಗದಲ್ಲಿ ಮೊದಲ ಸಲ 4.6, ಅಲ್ಲೇ ಇನ್ನೊಂದು ಸಲ ತಿರುಗಿಸಿದ್ರೆ 4.2. ಅಂದ್ರೆ 2.4 ಹತ್ತಿರ!

ಬಗ್ಗಿ ನೋಡಿದ್ರೆ ನೆಲದ ಮೇಲೆ ಸುಮಾರು ಎರಡು ಅಡಿ ಅಗಲದ ಒಂದು ಉಂಗುರ. ನಾಲ್ಕೂ ಚಕ್ರ ಒಂದೇ ಉಂಗುರದಲ್ಲಿ ಓಡಾಡಿವೆ. ಚಕ್ರದ ಮುಖ ಒಂದು ಕಡೆ, ಹೋಗೋ ದಾರಿ ಇನ್ನೊಂದು ಕಡೆ, ಹಾಗಾಗಿ ಪ್ರತಿ ಚಕ್ರವೂ ಗುದ್ದಲಿ ಥರ ಮಣ್ಣನ್ನ ಕೆರೆದು ಪಕ್ಕಕ್ಕೆ ರಾಶಿ ಹಾಕಿದೆ. ಉಂಗುರದ ಅಂಚಿಗೆ ಎರಡು ಬೆರಳು ಎತ್ತರದ ಮಣ್ಣಿನ ಏರಿ. ಅಡಿಕೆ ಬೇರು ಮೇಲೇ ಇರ್ತದಲ್ಲ, ಸಣ್ಣ ಸಣ್ಣ ಬಿಳಿ ಬೇರು ಕಿತ್ತು ಬಂದಿತ್ತು. ಅಪ್ಪಯ್ಯ ನೋಡಿ, "ಇದೇನೋ, ಹೋರಿ ಕೆರೆದ ಹಾಗೆ ಕೆರೆದಿಟ್ಟಿದೆ" ಅಂದ್ರು. ಇನ್ನು ಮರದ ಬುಡದಲ್ಲಿ ತಿರುಗಿಸೋ ಹಾಗಿಲ್ಲ ಅಂತ ಆಜ್ಞೆ ಆಗಿದೆ.

ವೀಣಾ_ಚಕ್ರ

ಆ ಉಂಗುರವೇ ಉತ್ತರ. ನಿಮ್ಮ ಚಕ್ರದ ಮುಖಕ್ಕೂ ಅದು ಹೋಗೋ ದಾರಿಗೂ 42 ಡಿಗ್ರಿ ಓರೆ ಇದೆ. ಗಟ್ಟಿ ನೆಲದಲ್ಲಿ ಬರೀ ಉಜ್ಜಾಟ. ಮೆತ್ತನೆ ನೆಲದಲ್ಲಿ ಚಕ್ರ ಇಳಿದು, ಪಕ್ಕದ ಮಣ್ಣನ್ನ ಗೋಡೆ ಥರ ತಳ್ಳಬೇಕಾಗುತ್ತೆ. ಅಡ್ಡದ ತಡೆ ಏರುತ್ತೆ, ಮುಂದಕ್ಕೆ ಹಿಡಿತ ಅಷ್ಟೇ ಇರುತ್ತೆ. "ಎಲ್ಲ ದಿಕ್ಕಿಗೂ ಒಂದೇ ಥರ" ಅಂತ ನಾನು ಇಟ್ಕೊಂಡಿದ್ದು ಅಲ್ಲಿ ಮುರಿದುಬಿತ್ತು. ಎರಡನೇ ಸಲ ಏರಿ ಆಗಲೇ ಎದ್ದಿತ್ತು, ಹಾಗಾಗಿ ಇನ್ನೂ ಕೆಟ್ಟದಾಯ್ತು.

ಸುಬ್ಬ ಅವರ ಒಂದೇ ಅಂಕಿ ಅದಕ್ಕೇ ನಡೆಯಲ್ಲ. ಅಂಗಳಕ್ಕೆ 1.85 ಹಾಕಿದ್ರೆ ತೋಟದಲ್ಲಿ ತಪ್ಪುತ್ತೆ, ತೋಟಕ್ಕೆ 2.2 ಹಾಕಿದ್ರೆ ಅಂಗಳದಲ್ಲಿ ಹೆಚ್ಚು ತಿರುಗಿಬಿಡುತ್ತೆ. ತಿರುವು ದೊಡ್ಡದಾದ ಹಾಗೆ ಗುಣಕವೂ ಇಳಿಯುತ್ತೆ. ಎರಡು ಮೀಟರ್ ತ್ರಿಜ್ಯದ ಕಮಾನಿನಲ್ಲಿ ಚಕ್ರದ ಓರೆ 6 ಡಿಗ್ರಿ ಅಷ್ಟೇ. ಟಯರ್ ಸ್ವಲ್ಪ ಬಳುಕಿ, ಮಣ್ಣು ಸ್ವಲ್ಪ ಸರಿದು ಅಷ್ಟನ್ನ ತಾಳಿಕೊಳ್ಳುತ್ತೆ, ಪೂರ್ತಿ ಜಾರಿಕೆ ಶುರುವಾಗಲ್ಲ. ನಿಂತಲ್ಲೇ ತಿರುಗೋದು ಎಲ್ಲಕ್ಕಿಂತ ದುಬಾರಿ.

ಹಾಗಾಗಿ ಗುಣಕವನ್ನ ಅಂದಾಜಿಗೆ ಮಾತ್ರ ಇಟ್ಕೊಳ್ಳಿ. ಎಷ್ಟು ತಿರುಗಿತು ಅನ್ನೋದನ್ನ ಚಕ್ರದ ಹತ್ತಿರ ಕೇಳಲೇಬೇಡಿ, ಗೈರೊ ಹತ್ತಿರ ಕೇಳಿ:

```
float err  = target - yaw;              // ರೇಡಿಯನ್, yaw ಗೈರೊದಿಂದ
float w    = constrain(2.0 * err, -0.8, 0.8);
float half = 0.5 * 0.44 * 1.85;
setSpeed(v - w * half, v + w * half);   // ಎಡ, ಬಲ
```

ಗುಣಕ 1.85 ತಪ್ಪಿದ್ರೂ ಗಾಡಿ ಸರಿಯಾದ ದಿಕ್ಕಿಗೇ ನಿಲ್ಲುತ್ತೆ, ಸ್ವಲ್ಪ ನಿಧಾನ ಆಗಬಹುದು ಅಷ್ಟೇ. ಅಗ್ಗದ ಗೈರೊ ನಿಂತಲ್ಲೇ ನಿಧಾನಕ್ಕೆ ಸರಿಯುತ್ತೆ. ಅದಕ್ಕೆ ಗಾಡಿ ನಿಂತಾಗಲೆಲ್ಲ ಎರಡು ಮೂರು ಸೆಕೆಂಡು ಸರಾಸರಿ ತಗೊಂಡು ಆ ಸರಿತವನ್ನ ಕಳೀತಾ ಇರಿ. ದಿಕ್ಸೂಚಿ ಸೆನ್ಸರ್ ಮೋಟರ್ ಪಕ್ಕ ಇಟ್ಟು ನಂಬಬೇಡಿ.

ಗ್ಯಾರೇಜ್ ರಾಜಣ್ಣ

ಅವತ್ತು ತಪ್ಪು ತಿಳ್ಕೊಂಡೆ, ಹೋಗ್ಲಿ ಬಿಡಿ. ಒಂದು ಕೇಳ್ತೀನಿ. ನಾಲ್ಕು ಚಕ್ರ ಒಂದೇ ಫ್ರೇಮಿಗೆ ಬಿಗಿದಿದೀರಾ? ತೋಟದ ನೆಲ ಮಣೆ ಥರ ಇರಲ್ಲ. ಬಿಗಿ ಫ್ರೇಮ್ ಆದ್ರೆ ಕುಂಟು ಮಂಚದ ಹಾಗೆ ಯಾವಾಗಲೂ ಒಂದು ಕಾಲು ಗಾಳಿಯಲ್ಲಿ. ಟ್ರ್ಯಾಕ್ಟರ್ ಮುಂದಿನ ಅಚ್ಚು ನೋಡಿ, ನಡುವೆ ಒಂದೇ ಸೆಂಟರ್ ಪಿನ್, ತಕ್ಕಡಿ ಥರ ಆಡ್ತದೆ. ಎಂಥ ಉಬ್ಬು ತಗ್ಗು ಬಂದ್ರೂ ನಾಲ್ಕೂ ಚಕ್ರ ನೆಲಕ್ಕೆ.

ವೀಣಾ_ಚಕ್ರ

ರಾಜಣ್ಣ, ನಾನು ಹೇಳಬೇಕಾಗಿದ್ದನ್ನ ಹೇಳಿದ್ರಿ. ಬಿಗಿ ಫ್ರೇಮಿನಲ್ಲಿ ಓರೆ ಮೂಲೆಯ ಎರಡು ಚಕ್ರದ ಮೇಲೆ ಹೆಚ್ಚು ತೂಕ ಕೂತು ಉಳಿದೆರಡು ಹಗುರ ಆಗುತ್ತೆ. ಒಂದು ಗಳಿಗೆ ಸಲೀಸಾಗಿ ತಿರುಗುತ್ತೆ, ಮರುಗಳಿಗೆ ಹಿಡ್ಕೊಳ್ಳುತ್ತೆ. ಅಂಗಳದಲ್ಲಿ ಸರಿಯಾಗಿದ್ದು ತೋಟದಲ್ಲಿ ಗೊಂದಲ ಮಾಡೋಕೆ ಇದೂ ಒಂದು ಕಾರಣ. ಮುಂದಿನ ಅಚ್ಚಿಗೆ ಒಂದು ಬೋಲ್ಟಿನ ಪಿನ್ ಕೊಟ್ಟು ಎರಡು ಕಡೆಗೂ ಹತ್ತು ಹನ್ನೆರಡು ಡಿಗ್ರಿ ಆಡೋಕೆ ಬಿಟ್ರೆ ಸಾಕು.

ನಭೋಮಂಡಲ

ಚಂದ್ರಯಾನ-3ರ ಪ್ರಜ್ಞಾನ್ ಕೂಡ ಸ್ಟೀರಿಂಗ್ ಇಲ್ಲದೆ ಎಡಬಲ ವೇಗದ ವ್ಯತ್ಯಾಸದಿಂದಲೇ ತಿರುಗಿದ್ದಲ್ವಾ? 2023ರ ಆಗಸ್ಟ್‌ನಲ್ಲಿ ಇಳಿದು ನೂರು ಮೀಟರ್ ಓಡಾಡಿತು. ಆರು ಚಕ್ರ, ರಾಕರ್ ಬೋಗಿ. ಮಂಜು ಅವರೂ ಆರು ಚಕ್ರ ಹಾಕಿದ್ರೆ ಎಲ್ಲ ಸರಿಹೋಗುತ್ತೆ ಅಂತ ನನ್ನ ಅನಿಸಿಕೆ.

ವೀಣಾ_ಚಕ್ರ

ಪ್ರಜ್ಞಾನ್ 26 ಕಿಲೋ, ಓಡಿದ್ದು ಸೆಕೆಂಡಿಗೆ 1 ಸೆಂ.ಮೀ. ವೇಗದಲ್ಲಿ, ಅದೂ ಚಂದ್ರನ ಮೇಲೆ ಆರನೇ ಒಂದು ಭಾಗದ ತೂಕಕ್ಕೆ. ಮುಂದೆ ಏನಿದೆ ಅಂತ ಇಲ್ಲಿಂದ ಚಿತ್ರ ನೋಡಿ ದಾರಿ ತೀರ್ಮಾನ ಮಾಡ್ತಿದ್ರು. ಅಷ್ಟು ಪುರುಸೊತ್ತು ಇದ್ರೆ ಜಾರಿಕೆ ದೊಡ್ಡ ವಿಷಯ ಅಲ್ಲ. ಆರು ಚಕ್ರ ಅಂದ ತಕ್ಷಣ ಗಾಡಿ ಉದ್ದ ಆಗುತ್ತೆ, ಮೊದಲ ಮತ್ತು ಕೊನೆ ಚಕ್ರ ಇನ್ನೂ ಓರೆಯಾಗಿ ಉಜ್ಜುತ್ತೆ. ರಾಕರ್ ಬೋಗಿಯಿಂದ ಸಿಗೋದು ಚಕ್ರಗಳ ಮೇಲೆ ತೂಕದ ಸಮ ಹಂಚಿಕೆ. ಅದನ್ನ ರಾಜಣ್ಣನ ಪಿನ್ ಇಲ್ಲಿ ಒಂದು ಬೋಲ್ಟಿಗೇ ಕೊಡುತ್ತೆ.

ಸರ್ಕ್ಯೂಟ್ ಸುಬ್ಬ

ಹಾಗಾದ್ರೆ ಅಚ್ಚುಗಳನ್ನ ಹತ್ತಿರ ತಂದುಬಿಡಿ. `L` ಕಡಿಮೆ ಆದ್ರೆ ಎಲ್ಲ ಕಡಿಮೆ. 40 ಇದ್ದಿದ್ದನ್ನ 28 ಮಾಡಿದ್ರೆ ಗುಣಕ 1.4ಕ್ಕೆ ಇಳಿಯುತ್ತೆ, ನಾನೇ ಲೆಕ್ಕ ಹಾಕಿದೆ. ಈ ಸಲ ತಪ್ಪಿಲ್ಲ.

ವೀಣಾ_ಚಕ್ರ

ತಪ್ಪಿಲ್ಲ, ಆದ್ರೆ ಟಾರ್ಕ್ ಅಷ್ಟೇನೂ ಇಳಿಯಲ್ಲ. ಬುಟ್ಟಿ ಇದ್ದಾಗ 19.4 ಇದ್ದಿದ್ದು 15.5 ಆಗುತ್ತೆ. 20ರ ಮೋಟರ್‌ಗೆ ಅದೂ ಉಸಿರುಗಟ್ಟೋ ಕೆಲಸವೇ. ಅದೂ ಅಲ್ದೆ ಬುಟ್ಟಿ ಎತ್ತರದಲ್ಲಿ ಕೂತಿದ್ರೆ, ಗಿಡ್ಡ ಗಾಡಿ ಬದು ಹತ್ತುವಾಗ ಹಿಂದಕ್ಕೆ ಮಗುಚುತ್ತೆ. ನಾನಾದ್ರೆ ಮೊದಲು ಗೇರ್ ಬದಲಾಯಿಸ್ತೀನಿ. ಅದೇ ಮೋಟರ್‌ಗೆ 60 ಆರ್‌ಪಿಎಂ ಗೇರ್ ಇದ್ರೆ ಸ್ಟಾಲ್ 33 ಹತ್ತಿರ ಹೋಗುತ್ತೆ. ವೇಗ ಸೆಕೆಂಡಿಗೆ ಅರ್ಧ ಮೀಟರಿಗೂ ಸ್ವಲ್ಪ ಕಡಿಮೆ, ಬುಟ್ಟಿ ಹೊತ್ತವರು ನಡೆಯೋದೂ ಅಷ್ಟೇ ನಿಧಾನ ಅಲ್ವಾ.

ಎರೆಹೊಲದಾಂವ

ನಾ ಏನ್ ಮಾಡೇನಂದ್ರ, ಬ್ಯಾಟರಿ ತಗದು ಹಿಂದಿನ ಅಚ್ಚಿನ ಮ್ಯಾಲೆ ಇಟ್ಟೇನಿ. ಮುಂದಿನ ಗಾಲಿ ಹಗುರ ಆಗಿ ಸಲೀಸ ಜಾರತಾವ, ಗಾಡಿ ಹಿಂದಿನ ಗಾಲಿ ಮ್ಯಾಲೆ ಹೊಳ್ಳತದ. ನಿಮ್ಮ ಬುಟ್ಟಿನೂ ಹಿಂದಕ ಇಡ್ರಿ, ಖರ್ಚಿಲ್ಲದ ಇಲಾಜು.

ತೋಟದ ಮಂಜು

ಇಟ್ಟು ನೋಡಿದೆ. ಬುಟ್ಟಿಯನ್ನ ಹಿಂದಿನ ಅಚ್ಚಿನ ನೇರಕ್ಕೆ ತಂದೆ, ಗೇರ್ ಇನ್ನೂ ಬಂದಿಲ್ಲ, ಹಳೇ ಮೋಟರ್‌ನಲ್ಲೇ ಒಣ ನೆಲದಲ್ಲಿ ತಿರುಗಿತು! ಬೋರ್ಡ್ ಬಿಸಿಯಾಯ್ತು, ಕಟ್ ಆಗಲಿಲ್ಲ. ಆದ್ರೆ ಈಗ ಗಾಡಿ ನಡುವಿನಲ್ಲಿ ತಿರುಗೋದಿಲ್ಲ, ಹಿಂಭಾಗ ಅಲ್ಲೇ ಇದ್ದು ಮೂತಿ ಅಗಲಕ್ಕೆ ಬೀಸ್ತದೆ. ಎರಡನೇ ಸಾಲಿನ ಮರಕ್ಕೆ ಮೂತಿ ಬಡಿದು ಕ್ಯಾಮೆರಾ ಹಿಡಿ ಮುರೀತು. ನಡುವಿನಿಂದ ತಿರುಗ್ತದೆ ಅಂತ ಜಾಗ ಲೆಕ್ಕ ಹಾಕಿದ್ದೆ.

ಇನ್ನೊಂದು ವಿಚಿತ್ರ. ತೋಟ ಹಳ್ಳದ ಕಡೆಗೆ ಸ್ವಲ್ಪ ವಾಟ. ಅಲ್ಲಿ ನಿಂತಿದ್ರೆ ಗಾಡಿ ಅಲುಗಾಡಲ್ಲ, ನೇರ ಹೋದ್ರೂ ಜಾರಲ್ಲ. ನಿಂತಲ್ಲೇ ತಿರುಗಿಸೋಕೆ ಶುರು ಮಾಡಿದ್ರೆ ಮಾತ್ರ ಸುತ್ತುತ್ತಾ ಸುತ್ತುತ್ತಾ ಮೆಲ್ಲಗೆ ಹಳ್ಳದ ಕಡೆಗೆ ಇಳೀತದೆ. ಒಂದು ಸುತ್ತಿಗೆ ಒಂದು ಗೇಣು.

ವೀಣಾ_ಚಕ್ರ

ಒಬ್ಬರೇ ಭಾರದ ಬೀರು ಸರಿಸುವಾಗ ಏನು ಮಾಡ್ತೀರಿ? ಸುಮ್ಮನೆ ತಳ್ಳಿದ್ರೆ ಕದಲಲ್ಲ, ಮೂಲೆ ಹಿಡಿದು ಆ ಕಡೆ ಈ ಕಡೆ ತಿರುಗಿಸ್ತಾ ತಳ್ಳಿದ್ರೆ ಬರುತ್ತೆ. ಘರ್ಷಣೆ ಜಾರ್ತಿರೋ ದಿಕ್ಕಿಗೆ ಎದುರಾಗಿ ಮಾತ್ರ ಹಿಡಿಯುತ್ತೆ. ತಿರುಗುವಾಗ ನಾಲ್ಕೂ ಚಕ್ರದ ಘರ್ಷಣೆ ಆ ತಿರುಗಾಟಕ್ಕೇ ಖರ್ಚಾಗಿರುತ್ತೆ, ಇಳಿಜಾರನ್ನ ತಡೆಯೋಕೆ ಕೈಯಲ್ಲಿ ಏನೂ ಉಳಿದಿರಲ್ಲ. ವಾಟ ಎಷ್ಟೇ ಸಣ್ಣದಿರಲಿ, ಸ್ವಲ್ಪ ಇಳಿದೇ ಇಳಿಯುತ್ತೆ. ಇದನ್ನ ಗೈರೊ ಹಿಡಿಯಲ್ಲ, ಚಕ್ರವೂ ಹೇಳಲ್ಲ. ವಾಟ ಇರೋ ಕಡೆ ಕಮಾನಾಗಿ ತಿರುಗಿ, ಇಲ್ಲಾ ಮುಂದೆ ಹಿಂದೆ ಹೋಗ್ತಾ ಮೂರು ತುಂಡಲ್ಲಿ ತಿರುಗಿಸಿ. ಬುಡದ ಬೇರಿಗೂ ಒಳ್ಳೇದು.

ಬುಟ್ಟಿ ಹಿಂದಕ್ಕೆ ಇಡೋದರಲ್ಲಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಬುಟ್ಟಿ ಖಾಲಿ ಇದ್ದಾಗ ನಡುವಿನಲ್ಲಿ ತಿರುಗುತ್ತೆ, ತುಂಬಿದಾಗ ಹಿಂದೆ ತಿರುಗುತ್ತೆ. ಒಂದೇ ಗಾಡಿಗೆ ಎರಡು ನಡವಳಿಕೆ. ಏರು ಹತ್ತುವಾಗ ಮೂತಿ ಹಗುರ ಆಗೋದು ಬೇರೆ.

ಎರೆಹೊಲದಾಂವ

ಮೇಡಂ, ನನ್ನ ಹೊಲ ತಟ್ಟಿನಂಗ ಸಪಾಟ ಐತಿ, ಅದಕ್ಕ ನನಗ ನಡೀತು. ಅವ್ರ ತ್ವಾಟದ ಕಥಿ ಬ್ಯಾರೆ ಇರಬೇಕು. ಆದ್ರೂ ಹಿಂದಕ ಇಡೂದು ಬಿಡಬ್ಯಾಡ್ರಿ ಅಂತೀನಿ, ಮೂತಿ ಬೀಸೂದನ್ನ ಲೆಕ್ಕಕ್ಕ ತಗೊಂಡ್ರಾತು.

ಟಿಲ್ಲರ್ ಶಿವಣ್ಣ

ಎಲ್ಲ ಓದಿದೆ. ಮುಂದಿನ ಎರಡು ಗಾಲಿ ಕಿತ್ತಾಕಿ ಒಂದು ಸಣ್ಣ ಸುತ್ತೋ ಗಾಲಿ ಹಾಕಿದ್ರೆ ನನ್ನ ಟಿಲ್ಲರ್ ಥರಾನೇ ಆಯ್ತಲ್ಲ?

ತೋಟದ ಮಂಜು

ಶಿವಣ್ಣ, ಮೊದಲ ಗಾಡಿ ಹಾಗೇ ಇತ್ತು. ಅಂಗಳದಲ್ಲಿ ಚಿಟ್ಟೆ ಥರ ತಿರುಗ್ತಿತ್ತು. ತೋಟಕ್ಕೆ ಇಳಿಸಿದ್ರೆ ಸುತ್ತೋ ಗಾಲಿ ಸೋಗೆ ಸಂದಿಯಲ್ಲಿ ಸಿಕ್ಕಿ ಅಡ್ಡ ನಿಂತುಬಿಡ್ತಿತ್ತು, ಹಿಂದಿನ ಚಕ್ರ ಅದನ್ನ ಮಣ್ಣಿಗೆ ಊರ್ತಾ ಇತ್ತು.

ಸದ್ಯಕ್ಕೆ ಗೈರೊ ಹಾಕಿದ್ದು ಕೆಲಸ ಮಾಡ್ತಿದೆ, ಅಂಗಳದಲ್ಲೂ ತೋಟದಲ್ಲೂ 90 ಅಂದ್ರೆ 88ರಿಂದ 91ರ ಒಳಗೆ. ಎರಡು ಕಡೆಗೂ ಪಿಐಡಿ ಹಾಕಿದ ಮೇಲೆ ಕಮಾನೂ ಬರ್ತಿದೆ. 60 ಆರ್‌ಪಿಎಂ ಗೇರ್ ಮೋಟರ್‌ಗೆ ಹೇಳಿದೀನಿ, ಪಿನ್ ಹಾಕೋಕೆ ವೆಲ್ಡಿಂಗ್ ಅಂಗಡಿಯವರು ಶನಿವಾರ ಬಾ ಅಂದಿದಾರೆ.

ಉಳಿದಿದ್ದು ಒಂದೇ, ಮರದಿಂದ ಬಿದ್ದ ಅಡಿಕೆ ಹಾಳೆ. ಒದ್ದೆ ಹಾಳೆಯ ಒಳಮೈ ಮೇಲೆ ಒಂದು ಕಡೆಯ ಚಕ್ರ ಹತ್ತಿತು ಅಂದ್ರೆ ಆ ಚಕ್ರ ಸುಮ್ಮನೆ ಸುತ್ತುತ್ತದೆ. ಗೈರೊ "ಇನ್ನೂ ತಿರುಗಿಲ್ಲ" ಅಂತದೆ, ಕೋಡ್ ಇನ್ನೂ ಜೋರು ಕೊಡ್ತದೆ, ಹಾಳೆ ಹಿಂದಕ್ಕೆ ಹಾರಿ ಗಾಡಿ ಒಮ್ಮೆಲೇ ಗಿರಕಿ ಹೊಡೀತದೆ. ನಿನ್ನೆ ಹಾಗೇ ಹೊಡೆದು ಬುಟ್ಟಿ ಮಗುಚಿ, ಹೆಕ್ಕಿದ್ದ ಅಡಿಕೆಯನ್ನ ಅಪ್ಪಯ್ಯ ಎರಡನೇ ಸಲ ಹೆಕ್ಕಿದ್ರು.

ವೀಣಾ_ಚಕ್ರ

`w` ಮಿತಿಯನ್ನ 0.8ರಿಂದ 0.4ಕ್ಕೆ ಇಳಿಸಿ. ಚಕ್ರ ಸುತ್ತಿದ್ದಕ್ಕೂ ಗೈರೊ ಹೇಳಿದ್ದಕ್ಕೂ ಅನುಪಾತ ಮೂರು ದಾಟಿದ್ರೆ ನಿಲ್ಲಿಸಿ, ಒಂದಡಿ ಹಿಂದೆ ಬಂದು ಮತ್ತೆ ಪ್ರಯತ್ನಿಸೋ ಹಾಗೆ ಮಾಡಿ ನೋಡಿ. ಹಾಳೆಗೆ ಇದು ಸಾಕಾಗುತ್ತಾ ಅಂತ ನನಗೂ ಕುತೂಹಲ, ನಮ್ಮ ಗಾಡಿಗಳು ಓಡೋ ಕಡೆ ಅಡಿಕೆ ಇಲ್ಲ.

ಗ್ಯಾರೇಜ್ ರಾಜಣ್ಣ

ಪಿನ್‌ಗೆ ಗ್ರೀಸ್ ನಿಪ್ಪಲ್ ಹಾಕಿಸೋದು ಮರೀಬೇಡಿ ಮಂಜು. ಮಳೆಗಾಲದಲ್ಲಿ ತುಕ್ಕು ಹಿಡಿದ್ರೆ ಮತ್ತೆ ಕುಂಟು ಮಂಚವೇ.